ಕಂಪನಿಯ ಕಳ್ಳ ಮನಸ್ಸು ಯಾರ ತಲೆಯಲ್ಲಿದೆ? ದೂರು ಬರೆಯುವ ಮುಂಚೆ ಪತ್ತೆ ಮಾಡುವುದು ಹೀಗೆ

ನಿಗಡಿಯಲ್ಲಿ ಹೋಟೆಲ್ ನಡೆಸುವ ನಮ್ಮೂರ ಕಡೆಯವರೊಬ್ಬರು ಪುಣೆಯ ನನ್ನ ಆಫೀಸಿಗೆ ಒಂದು ಹಾಳೆ ಹಿಡಿದುಕೊಂಡು ಬಂದರು. ಅದರಲ್ಲಿ ಏಳು ಹೆಸರು. ಅಡುಗೆಮನೆ ಯಂತ್ರ ಮಾರುವ ಕಂಪನಿಯೊಂದಕ್ಕೆ ಅವರು 11 ಲಕ್ಷ ಅಡ್ವಾನ್ಸ್ ಕೊಟ್ಟಿದ್ದರು. ಯಂತ್ರವೂ ಬರಲಿಲ್ಲ, ದುಡ್ಡೂ ಬರಲಿಲ್ಲ. "ವಕೀಲ್ರೇ, ಇವರೆಲ್ಲರ ಮೇಲೂ ಚೀಟಿಂಗ್ ಕೇಸ್ ಹಾಕಿ" ಅಂದರು. ವೆಬ್‌ಸೈಟಿನಲ್ಲಿ ಕಂಡ ಡೈರೆಕ್ಟರ್‌ಗಳೆಲ್ಲ ಪಟ್ಟಿಯಲ್ಲಿದ್ದರು. ಕಂಪನಿಯ ಹೆಸರೇ ಇರಲಿಲ್ಲ!

"ಶೆಟ್ರೇ, ದುಡ್ಡು ಯಾರ ಖಾತೆಗೆ ಹೋಯ್ತು?" ಅಂತ ಕೇಳಿದೆ. ಆರ್‌ಟಿಜಿಎಸ್ ರಸೀದಿ ತೆಗೆದರು. ಕಂಪನಿಯ ಖಾತೆಗೇ ಹೋಗಿತ್ತು. ಅಂದ ಮೇಲೆ ಮೊದಲ ಆರೋಪಿ ಕಂಪನಿಯೇ ಆಗಬೇಕು.

ಇಲ್ಲೇ ತೊಡಕು. ಮೋಸದ ಕೇಸ್ ನಿಲ್ಲಬೇಕಾದರೆ ದುಡ್ಡು ಪಡೆಯುವಾಗಲೇ ಮೋಸದ ಉದ್ದೇಶ ಇರಬೇಕು. ಮೈಯೇ ಇಲ್ಲದ ಕಂಪನಿಗೆ ಉದ್ದೇಶ ಎಲ್ಲಿಂದ ಬರಬೇಕು? ಇಂಗ್ಲೆಂಡಿನ ನ್ಯಾಯಾಧೀಶ ಡೆನಿಂಗ್ ಒಂದು ತೀರ್ಪಿನಲ್ಲಿ ಕಂಪನಿಯನ್ನು ಮನುಷ್ಯನ ದೇಹಕ್ಕೆ ಹೋಲಿಸಿದರು. ಅಲ್ಲಿ ಕೆಲಸಗಾರರು ಬರೀ ಕೈಗಳು. ಕಂಪನಿಯನ್ನು ನಡೆಸುವ ಡೈರೆಕ್ಟರ್, ಮ್ಯಾನೇಜರ್‌ಗಳೇ ತಲೆ. ಆ ತಲೆಯಲ್ಲಿ ಇದ್ದದ್ದೇ ಕಂಪನಿಯ ಮನಸ್ಸು.

ನಮ್ಮಲ್ಲಿ ಇದನ್ನು ಗಟ್ಟಿ ಮಾಡಿದ ಕೇಸ್ ಹುಟ್ಟಿದ್ದು ಪುಣೆ ಜಿಲ್ಲೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅನ್ನುವುದು ಇಲ್ಲಿನ ಎಷ್ಟೋ ಜನರಿಗೆ ಗೊತ್ತಿಲ್ಲ. ಉಪಗ್ರಹ ಫೋನಿನ ಇರಿಡಿಯಂ ಯೋಜನೆಯಲ್ಲಿ ಸುಳ್ಳು ಭರವಸೆ ಕೊಟ್ಟು ಹಣ ಹಾಕಿಸಿಕೊಂಡರು ಅಂತ ಮೊಟೊರೊಲಾ ಮೇಲೆ ದೂರು ಹೋಯಿತು. ಕಂಪನಿಗೆ ಮನಸ್ಸೇ ಇಲ್ಲ, ಮೋಸ ಹೇಗೆ ಮಾಡುತ್ತದೆ ಅನ್ನುವ ವಾದವನ್ನು ಬಾಂಬೆ ಹೈಕೋರ್ಟ್ ಒಪ್ಪಿ ಕೇಸ್ ರದ್ದು ಮಾಡಿತು. 2010ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಿರುಗಿಸಿತು. ಕಂಪನಿಯನ್ನು ಹಿಡಿತದಲ್ಲಿಟ್ಟು ನಡೆಸುವವರ ಉದ್ದೇಶವನ್ನು ಕಂಪನಿಯ ಉದ್ದೇಶ ಅಂತಲೇ ಎಣಿಸಬಹುದು ಅಂದಿತು. ಮೊಟೊರೊಲಾ ತಪ್ಪು ಮಾಡಿದೆ ಅಂತ ಕೋರ್ಟ್ ಹೇಳಲಿಲ್ಲ. ವಿಚಾರಣೆ ನಡೆಯಲಿ ಅಂದಿತು, ಅಷ್ಟೇ.

ಹಾಗಾದರೆ ಮೊದಲ ಕೆಲಸ, ತಲೆ ಯಾರದ್ದು ಅಂತ ಹುಡುಕುವುದು. ವಿಸಿಟಿಂಗ್ ಕಾರ್ಡ್ ನಂಬಬೇಡಿ. ಎಲ್ಲ ಕಡೆ ಈಗ ಸೇಲ್ಸ್ ಹುಡುಗರೂ ವೈಸ್ ಪ್ರೆಸಿಡೆಂಟೇ! mca.gov.in ತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಈಗಿನ ಡೈರೆಕ್ಟರ್‌ಗಳ ಪಟ್ಟಿ ಸಿಗುತ್ತದೆ. ಯಾರು ಯಾವ ದಿನ ಸೇರಿದರು, ಯಾವ ದಿನ ಬಿಟ್ಟರು ಅನ್ನುವುದಕ್ಕೆ ಕಂಪನಿ ಸಲ್ಲಿಸಿದ DIR-12 ಫಾರ್ಮ್ ನೋಡಬೇಕು. ಶುಲ್ಕ ಕಟ್ಟಿದರೆ ಅದೂ ಅಲ್ಲೇ ಸಿಗುತ್ತದೆ. ಆಮೇಲೆ ಪ್ರತಿ ಹೆಸರಿಗೂ ಒಂದೇ ಪ್ರಶ್ನೆ ಕೇಳಿ: ಈ ವಿಷಯದಲ್ಲಿ ಬೇರೆಯವರನ್ನು ಕೇಳದೆ ತೀರ್ಮಾನ ಮಾಡುವ ಅಧಿಕಾರ ಇವರಿಗಿತ್ತಾ?

ಎರಡನೆಯದು ತಾರೀಖು. ಶೆಟ್ಟರ ಕೇಸಿನಲ್ಲಿ ಕಂಪನಿ ಒಬ್ಬ ವಿದೇಶಿ ತಯಾರಕನ ಡೀಲರ್ ಆಗಿತ್ತು. ಫೆಬ್ರುವರಿ 10ಕ್ಕೆ ಆ ಡೀಲರ್‌ಶಿಪ್ ರದ್ದಾಯಿತು. 12ಕ್ಕೆ ಮ್ಯಾನೇಜಿಂಗ್ ಡೈರೆಕ್ಟರ್ ಸೇಲ್ಸ್ ಮ್ಯಾನೇಜರ್‌ಗೆ ಮೇಲ್ ಹಾಕಿದ್ದರು: ಗಿರಾಕಿಗಳಿಗೆ ಹೇಳಬೇಡ, ಮಾರ್ಚ್ ಕೊನೆಯ ತನಕ ಅಡ್ವಾನ್ಸ್ ತಗೋತಾ ಇರು. ಶೆಟ್ಟರು ದುಡ್ಡು ಕಳಿಸಿದ್ದು ಮಾರ್ಚ್ 4ಕ್ಕೆ. ಈ ಮೂರು ತಾರೀಖೇ ಕೇಸಿನ ಜೀವ. ಇವನ್ನೇ ತಿರುಗಿಸಿ ನೋಡಿ. ದುಡ್ಡು ಜನವರಿಯಲ್ಲಿ ಹೋಗಿ, ಡೀಲರ್‌ಶಿಪ್ ಫೆಬ್ರುವರಿಯಲ್ಲಿ ಹೋಗಿದ್ದರೆ? ಬರೀ ಅಷ್ಟಕ್ಕೆ ಅದು ಕೊಟ್ಟ ಮಾತು ತಪ್ಪಿದ್ದಾಗುತ್ತದೆ, ಮೋಸವಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು.

ಹೋಟೆಲಿಗೆ ಬಂದು ಆರ್ಡರ್ ಫಾರ್ಮ್ ತುಂಬಿಸಿಕೊಂಡು ಹೋದ ಹುಡುಗನ ಮೇಲೇ ಶೆಟ್ಟರಿಗೆ ಜಾಸ್ತಿ ಸಿಟ್ಟು. ಆದರೆ ಅವನಿಗೆ ಡೀಲರ್‌ಶಿಪ್ ಹೋದದ್ದೇ ಗೊತ್ತಿರಲಿಲ್ಲ. ಅವನದು ಬರೀ ಕೈ. ಒಂದು ವೇಳೆ ಅವನೇ ರದ್ದಾದ ವಿಷಯ ಕಿವಿಗೆ ಬಿದ್ದಿದ್ದೂ, ಮೇಲಿನವರಿಗೆ ತಿಳಿಸದೆ, ಕಮಿಷನ್ ಆಸೆಗೆ ಸುಳ್ಳು ಹೇಳಿದ್ದರೆ ಲೆಕ್ಕ ಉಲ್ಟಾ. ಆಗ ಮೋಸ ಅವನ ತಲೆಯಲ್ಲಿ ಇರುತ್ತದೆ, ಕಂಪನಿಯ ತಲೆಯಲ್ಲಿ ಅಲ್ಲ. ಕಂಪನಿಯಿಂದ ದುಡ್ಡು ವಾಪಸ್ ಕೇಳಬಹುದು. ಕ್ರಿಮಿನಲ್ ಕೇಸಿನಲ್ಲಿ ಅದನ್ನು ಸಿಕ್ಕಿಸುವುದು ಕಷ್ಟ.

ಈಗ ಉಳಿದ ಡೈರೆಕ್ಟರ್‌ಗಳು. ಜನ ಎಡವುವುದು ಇಲ್ಲೇ ಜಾಸ್ತಿ. ಡೈರೆಕ್ಟರ್ ಮನಸ್ಸು ಕಂಪನಿಗೆ ಅಂಟುತ್ತದಲ್ವಾ, ಹಾಗಾದರೆ ಕಂಪನಿಯ ತಪ್ಪು ಎಲ್ಲ ಡೈರೆಕ್ಟರ್‌ಗಳಿಗೂ ಅಂಟಬೇಕು ಅಂತ ಅನಿಸುತ್ತದೆ. ಅಂಟುವುದಿಲ್ಲ. 2ಜಿ ತನಿಖೆಯಿಂದ ಹೊರಟ ಒಂದು ಕೇಸಿನಲ್ಲಿ, ಕಂಪನಿಯ ಚುಕ್ಕಾಣಿ ಇವರ ಕೈಯಲ್ಲಿದೆ ಅಂದುಕೊಂಡು ವಿಶೇಷ ಕೋರ್ಟ್ ಏರ್‌ಟೆಲ್‌ನ ಸುನಿಲ್ ಭಾರ್ತಿ ಮಿತ್ತಲ್ ಅವರಿಗೆ ಸಮನ್ಸ್ ಕಳಿಸಿತ್ತು. 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಇದು ಒನ್‌ವೇ ರಸ್ತೆ ಇದ್ದ ಹಾಗೆ: ಮನುಷ್ಯನಿಂದ ಕಂಪನಿಗೆ ಹೋಗಬಹುದು, ಕಂಪನಿಯಿಂದ ಮನುಷ್ಯನ ಕಡೆಗೆ ತಿರುಗಿ ಬರುವಂತಿಲ್ಲ. ಒಬ್ಬ ಡೈರೆಕ್ಟರ್‌ನನ್ನು ಆರೋಪಿ ಮಾಡಬೇಕಾದರೆ ಅವನೇ ಕೈಯಾಡಿಸಿದ್ದಕ್ಕೂ ಅವನಿಗೆ ಕೆಟ್ಟ ಉದ್ದೇಶ ಇದ್ದದ್ದಕ್ಕೂ ಆಧಾರ ಬೇಕು. ಇಲ್ಲವೇ, ಜವಾಬ್ದಾರಿ ಹೊತ್ತವನೂ ಆರೋಪಿ ಅಂತ ಆ ಕಾಯ್ದೆಯೇ ಹೇಳಿರಬೇಕು. ಚೆಕ್ ಬೌನ್ಸ್ ಕಾಯ್ದೆ ಹಾಗೆ ಹೇಳುತ್ತದೆ. ಮೋಸದ ಕಲಂ ಹೇಳುವುದಿಲ್ಲ.

ಪಟ್ಟಿಗೆ ಪೆನ್ನು ಹಿಡಿದೆ. ಫೈನಾನ್ಸ್ ಡೈರೆಕ್ಟರ್ ಜನವರಿ 31ಕ್ಕೇ ರಾಜೀನಾಮೆ ಕೊಟ್ಟಿದ್ದು DIR-12ನಲ್ಲಿತ್ತು, ಹೋಯಿತು. ಮ್ಯಾನೇಜಿಂಗ್ ಡೈರೆಕ್ಟರ್ ಹೆಂಡತಿ ಬರೀ ಹೆಸರಿಗೆ ಡೈರೆಕ್ಟರ್, ಅವರ ಮೇಲೆ ಒಂದು ಕಾಗದವೂ ಇಲ್ಲ. ಇಬ್ಬರು ಸ್ವತಂತ್ರ ನಿರ್ದೇಶಕರಿಗೆ ಆ ಮೇಲ್ ಹೋಗಿರಲಿಲ್ಲ. ಬೋರ್ಡ್ ಮೀಟಿಂಗಿನಲ್ಲಿ ವಿಷಯ ಬಂದಿದ್ದಕ್ಕೂ ಆಧಾರ ಇರಲಿಲ್ಲ. ಕಂಪನಿ ಸೆಕ್ರೆಟರಿ ಕೂಡ ಹಾಗೇ. ಉಳಿದದ್ದು ಇಬ್ಬರು: ಮ್ಯಾನೇಜಿಂಗ್ ಡೈರೆಕ್ಟರ್, ಮೇಲ್ ಓದಿಯೂ ಅಡ್ವಾನ್ಸ್ ಎತ್ತಿದ ಸೇಲ್ಸ್ ಮ್ಯಾನೇಜರ್. ಮೇಲೆ ಒಂದನೇ ಆರೋಪಿಯಾಗಿ ಕಂಪನಿ.

ಶೆಟ್ಟರ ಮುಖ ಸಪ್ಪಗಾಯಿತು. "ಏಳು ಜನ ಇದ್ರೆ ಹೆದರಿ ದುಡ್ಡು ಕೊಡ್ತಾರೆ ಅಂದ್ಕೊಂಡೆ" ಅಂದರು. ಈ ಲೆಕ್ಕಾಚಾರ ಹಾಕುವ ವಕೀಲರೂ ಇದ್ದಾರೆ. ನನಗೆ ಒಪ್ಪಿಗೆಯಿಲ್ಲ. ಸಿಆರ್‌ಪಿಸಿ ಬದಲಿಗೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ನೇರ ಕೋರ್ಟಿಗೆ ಕೊಡುವ ಖಾಸಗಿ ದೂರನ್ನು ವಿಚಾರಣೆಗೆ ತಗೊಳ್ಳುವ ಮುಂಚೆ ಮ್ಯಾಜಿಸ್ಟ್ರೇಟರು ಆರೋಪಿಯ ಮಾತನ್ನೂ ಕೇಳಬೇಕು. ಸುಮ್ನೆ ಸೇರಿಸಿದ ಐದು ಜನ ಐದು ವಕೀಲರನ್ನು ತಂದರೆ ದೂರು ಬಾಗಿಲಲ್ಲೇ ನಿಲ್ಲುತ್ತದೆ.

ದೂರು ಬರೆಯುವಾಗ 'ಎಲ್ಲ ಆರೋಪಿಗಳೂ ಸೇರಿ' ಅನ್ನುವ ಸಾಲು ಸಾಲದು. ಒಬ್ಬೊಬ್ಬರಿಗೂ ಬೇರೆ ಪ್ಯಾರಾ ಬೇಕು: ಏನು ಗೊತ್ತಿತ್ತು, ಯಾವತ್ತಿಂದ, ಏನು ಮಾಡಿದರು. ಕಂಪನಿಯ ಪ್ಯಾರಾದಲ್ಲಿ ಎರಡು ಮಾತು ಬೇಕು. ತೀರ್ಮಾನ ಮಾಡಿದ ವ್ಯಕ್ತಿ ಆ ವ್ಯವಹಾರವನ್ನು ಕಂಪನಿಯ ಪರವಾಗಿ ನಡೆಸುತ್ತಿದ್ದ ಅನ್ನುವುದು ಒಂದು, ದುಡ್ಡು ಕಂಪನಿಗೇ ಬಂತು ಅನ್ನುವುದು ಇನ್ನೊಂದು. ಮ್ಯಾನೇಜಿಂಗ್ ಡೈರೆಕ್ಟರ್ ಅದನ್ನು ತನ್ನ ಸ್ವಂತ ಖಾತೆಗೆ ಹಾಕಿಸಿಕೊಂಡಿದ್ದರೆ, ಮೋಸ ಹೋದವರಲ್ಲಿ ನಾವೂ ಒಬ್ಬರು ಅಂತ ಕಂಪನಿ ಹೇಳುತ್ತಿತ್ತು.

ಕೊನೆಗೆ ಕಂಪನಿಗೆ ಆಗುವ ಶಿಕ್ಷೆ ಏನು? ದಂಡ ಮಾತ್ರ. ಜೈಲು ಕಡ್ಡಾಯವಾದ ಅಪರಾಧದಲ್ಲೂ ಕಂಪನಿಯನ್ನು ವಿಚಾರಣೆ ಮಾಡಿ ದಂಡ ಹಾಕಬಹುದು ಅಂತ 2005ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮೂರು-ಎರಡರ ಬಹುಮತದಲ್ಲಿ ಹೇಳಿದೆ. ಜೈಲು ಅಂತ ಇದ್ದರೆ ಅದು ಆ ಇಬ್ಬರಿಗೆ.

ಫೆಬ್ರುವರಿ 12ರ ಮೇಲ್ ನಮಗೆ ಸಿಕ್ಕಿದ್ದು ಅದರ ಪ್ರತಿ ಹೋಗಿದ್ದ ಅಕೌಂಟ್ಸ್ ಗುಮಾಸ್ತನಿಂದ. ಅವನು ಕೆಲಸ ಬಿಟ್ಟಿದ್ದ. ಶೆಟ್ಟರ ಹತ್ತಿರ ಇದ್ದದ್ದು ವಾಟ್ಸ್ಆ್ಯಪ್‌ನಲ್ಲಿ ಬಂದ ಸ್ಕ್ರೀನ್‌ಶಾಟ್ ಮಾತ್ರ. ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ, ಈಗಿನ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಲ್ಲದೆ ಅದನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ಪತ್ರಕ್ಕೆ ಸಹಿ ಹಾಕುತ್ತೀಯಾ ಅಂತ ಗುಮಾಸ್ತನನ್ನು ಕೇಳಿದೆವು. ಒಂದು ವಾರ ಫೋನೇ ಎತ್ತಲಿಲ್ಲ. ಎಂಟನೇ ದಿನ ಶೆಟ್ಟರ ಹೋಟೆಲಿಗೇ ಬಂದು, ಗಲ್ಲಾದ ಪಕ್ಕ ಕೂತು, "ನನ್ನ ಹೆಸರನ್ನು ಸಾಕ್ಷಿ ಪಟ್ಟಿಯಲ್ಲೇ ಬರೀತೀರಾ, ಆರೋಪಿ ಪಟ್ಟಿಯಲ್ಲಿ ಅಲ್ವಲ್ಲ?" ಅಂತ ಎರಡು ಸಲ ಕೇಳಿ ಸಹಿ ಹಾಕಿದ.