ಹೊಸ ಗೋಡೆಗೆ ಬಣ್ಣ: ಪುಟ್ಟಿಯಿಂದ ಕೊನೆಯ ಕೋಟ್‌ವರೆಗೆ

ನಮ್ಮಲ್ಲಿ ಹೊಸ ಮನೆಯ ಬಣ್ಣದ ಕೆಲಸ ಹೆಚ್ಚಾಗಿ ನಡೆಯುವುದು ಗೋಡೆ ಸಿದ್ಧವಾದಾಗಲ್ಲ, ಗೃಹಪ್ರವೇಶದ ಮುಹೂರ್ತ ಹತ್ತಿರವಾದಾಗ. ಆಷಾಢದಲ್ಲಿ ಪ್ರವೇಶ ಮಾಡುವಂತಿಲ್ಲ, ಶ್ರಾವಣಕ್ಕೆ ದಿನ ಗೊತ್ತಾಗಿರುತ್ತದೆ. ಹಾಗಾಗಿ ಮಳೆ ಬಿಡದೆ ಸುರಿಯುವ ಆಷಾಢದಲ್ಲೇ ಗೋಡೆಗೆ ಪುಟ್ಟಿ, ಪ್ರೈಮರ್, ಬಣ್ಣ ಒಂದರ ಮೇಲೊಂದು ಏರುತ್ತವೆ. ಮುಂದಿನ ವರ್ಷ ಗೋಡೆಯ ಕೆಳಭಾಗದಲ್ಲಿ ಬಣ್ಣ ಉಬ್ಬಿ, ಪದರ ಪದರವಾಗಿ ಕಳಚಿದಾಗ ಎಲ್ಲರೂ ಬಣ್ಣದ ಕಂಪನಿಯನ್ನು ದೂರುತ್ತಾರೆ. ಆದರೆ ಒಳಗೋಡೆಯ ಬಣ್ಣ ಕಳಚುವುದಕ್ಕೆ ಡಬ್ಬಿಯಲ್ಲಿದ್ದ ಬಣ್ಣ ಕಾರಣವಾಗುವುದು ಅಪರೂಪ. ಅದರ ಅಡಿಯಲ್ಲಿ ಉಳಿದ ನೀರು ಇಲ್ಲವೇ ಧೂಳು ಆ ಕೆಲಸ ಮಾಡಿರುತ್ತದೆ.

ಒಂದು ಮಲಗುವ ಕೋಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಸಿಮೆಂಟ್ ಪ್ಲಾಸ್ಟರಿಂಗ್ ಈಗಷ್ಟೇ ಮುಗಿದಿದೆ. ಒಂದು ಗೋಡೆಯ ಆಚೆ ಬದಿಗೆ ಸ್ನಾನಗೃಹವಿದೆ.

ಮೊದಲು ಗೋಡೆ ಒಣಗಬೇಕು

ಪ್ಲಾಸ್ಟರಿಂಗ್ ಆದ ಮೇಲೆ ಕನಿಷ್ಠ ಏಳು ದಿನ ನೀರು ಹಾಕಿ ಕ್ಯೂರಿಂಗ್ ಮಾಡುತ್ತಾರೆ. ಅಷ್ಟೂ ನೀರು ಗಾರೆಯೊಳಗೆ, ಅದರ ಹಿಂದಿನ ಇಟ್ಟಿಗೆಯೊಳಗೆ ಕುಳಿತಿರುತ್ತದೆ. ಕ್ಯೂರಿಂಗ್ ನಿಲ್ಲಿಸಿದ ಮೇಲೆ ಕಿಟಕಿ ತೆರೆದಿಟ್ಟು ನಾಲ್ಕು ವಾರವಾದರೂ ಗಾಳಿಯಾಡಲು ಬಿಡಬೇಕು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಗಳಲ್ಲಿ, ಈ ಅವಧಿ ಸಾಲುವುದಿಲ್ಲ.

ನೀರಿನ ಜೊತೆಗೆ ಇನ್ನೊಂದು ತೊಂದರೆಯೂ ಇದೆ. ಹೊಸ ಸಿಮೆಂಟ್ ತೀವ್ರ ಕ್ಷಾರೀಯವಾದದ್ದು. ಒಳಗಿನ ತೇವ ಹೊರಕ್ಕೆ ಬರುವಾಗ ಕರಗಿದ ಲವಣಗಳನ್ನೂ ಹೊತ್ತು ತರುತ್ತದೆ. ನೀರು ಆರಿದ ಜಾಗದಲ್ಲಿ ಲವಣ ಬಿಳಿ ಪುಡಿಯಾಗಿ ಉಳಿಯುತ್ತದೆ. ಗೋಡೆಯ ಮೇಲೆ ಬಣ್ಣ ಇಲ್ಲದಿದ್ದರೆ ಅದನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಬಹುದು. ಬಣ್ಣ ಬಳಿದ ಮೇಲೆ ಅದೇ ಲವಣ ಪದರದ ಅಡಿಯಲ್ಲಿ ಹರಳುಗಟ್ಟಿ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ.

ಗೋಡೆ ಒಣಗಿದೆಯೇ ಎಂಬುದನ್ನು ಕೈಯಿಂದ ಮುಟ್ಟಿ ತೀರ್ಮಾನಿಸಬೇಡಿ. ಮೇಲ್ಮೈ ಮಾತ್ರ ಬೇಗ ಒಣಗುತ್ತದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳಿಗೆ ಗಾಳಿ ನುಸುಳದಂತೆ ಟೇಪ್ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಮುಖದಲ್ಲಿ ಹನಿ ಕಂಡರೆ, ಅಥವಾ ಅದರ ಅಡಿಯ ಗಾರೆ ಸುತ್ತಲಿಗಿಂತ ಕಪ್ಪಾಗಿ ಕಂಡರೆ ಇನ್ನೂ ಕಾಯಬೇಕು. ನಮ್ಮ ಕೋಣೆಯಲ್ಲಿ ಈ ಪರೀಕ್ಷೆಯನ್ನು ಮೂರು ಕಡೆ ಮಾಡಬೇಕು: ಸ್ನಾನಗೃಹದ ಗೋಡೆಯಲ್ಲಿ ನೆಲದ ಹತ್ತಿರ, ಕಿಟಕಿಯ ಕೆಳಗೆ, ಮತ್ತು ಒಣಗಿದೆ ಎಂದು ತೋರುವ ಒಂದು ಗೋಡೆಯಲ್ಲಿ.

ಮುಹೂರ್ತ ಮುಂದೂಡಲಾಗದಿದ್ದರೆ ನಾನು ಹೇಳುವುದು ಇಷ್ಟೇ: ಸಿಮೆಂಟ್ ಆಧಾರಿತ ಪುಟ್ಟಿ ಮತ್ತು ಪ್ರೈಮರ್‌ವರೆಗೆ ಮುಗಿಸಿ, ಬಿಳಿ ಗೋಡೆಯ ಮನೆಯಲ್ಲೇ ಗೃಹಪ್ರವೇಶ ಮಾಡಿ. ಬಣ್ಣದ ಕೋಟ್‌ಗಳನ್ನು ಮಳೆಗಾಲ ಕಳೆದ ಮೇಲೆ ಬಳಿಸಿ. ತಾತ್ಕಾಲಿಕವೆಂದು ಸುಣ್ಣ ಬಳಿಸುವವರೂ ಇದ್ದಾರೆ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ, ನಿಜ. ಆದರೆ ಆಮೇಲೆ ಅದನ್ನು ಪೂರ್ತಿ ಕೆರೆದು ತೆಗೆಯಲೇಬೇಕು. ಪುಡಿಯಾಗುವ ಸುಣ್ಣದ ಮೇಲೆ ಹಚ್ಚಿದ ಪುಟ್ಟಿ ಸುಣ್ಣವನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನಲ್ಲ.

ಪುಟ್ಟಿ: ಇಲ್ಲೇ ಹೆಚ್ಚಿನ ತಪ್ಪು

ಪುಟ್ಟಿ ಮೊದಲೋ ಪ್ರೈಮರ್ ಮೊದಲೋ ಎಂದು ಪೇಂಟರ್‌ಗಳ ನಡುವೆಯೇ ವಾದವಿದೆ. ಉತ್ತರ ಪುಟ್ಟಿಯ ಜಾತಿಯನ್ನು ಅವಲಂಬಿಸಿದೆ. ಡಬ್ಬಿಯಲ್ಲಿ ಹಿಟ್ಟಿನ ಮುದ್ದೆಯಂತೆ ಸಿದ್ಧವಾಗಿ ಬರುವ ಅಕ್ರಿಲಿಕ್ ಪುಟ್ಟಿಯಾದರೆ ಗೋಡೆಗೆ ಮೊದಲು ಪ್ರೈಮರ್, ಅದರ ಮೇಲೆ ಪುಟ್ಟಿ, ಮತ್ತೆ ಪ್ರೈಮರ್. ಚೀಲದಲ್ಲಿ ಪುಡಿಯಾಗಿ ಬರುವ ಬಿಳಿ ಸಿಮೆಂಟ್ ಪುಟ್ಟಿಯಾದರೆ ನೇರವಾಗಿ ಗಾರೆಯ ಮೇಲೆ ಪುಟ್ಟಿ, ಆಮೇಲೆ ಪ್ರೈಮರ್. ಎರಡನೆಯದು ಸಿಮೆಂಟೇ ಆದ್ದರಿಂದ ಸಿಮೆಂಟ್ ಗಾರೆಯ ಒರಟು ರಂಧ್ರಗಳಲ್ಲಿ ಬೇರುಬಿಟ್ಟು ಗಟ್ಟಿಯಾಗುತ್ತದೆ. ನಡುವೆ ಪ್ರೈಮರ್ ಬಂದರೆ ಆ ಹಿಡಿತ ತಪ್ಪುತ್ತದೆ. ಹೊಸ ಗೋಡೆಗೆ ನಾನು ಸಿಮೆಂಟ್ ಪುಟ್ಟಿಯನ್ನೇ ಆರಿಸುತ್ತೇನೆ. ಉಳಿದಿರಬಹುದಾದ ಅಲ್ಪಸ್ವಲ್ಪ ತೇವವನ್ನು ಅದು ಅಕ್ರಿಲಿಕ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ಗೋಡೆಯನ್ನು ಎಮರಿ ಕಲ್ಲಿನಿಂದ ಉಜ್ಜಿ, ಸಡಿಲ ಮರಳು ಉದುರಿಸಿ, ಧೂಳು ಗುಡಿಸಿ. ವಿದ್ಯುತ್ ಪೈಪ್‌ಗಾಗಿ ಕೊರೆದ ಕಡೆ ಆಳವಾದ ಗುಂಡಿಗಳಿದ್ದರೆ ಸಿಮೆಂಟ್ ಗಾರೆಯಿಂದಲೇ ಮುಚ್ಚಿ ಕ್ಯೂರಿಂಗ್ ಮಾಡಿ. ಪುಟ್ಟಿಯನ್ನು ದಪ್ಪವಾಗಿ ತುಂಬಿದರೆ ಅದು ಕುಗ್ಗಿ ಬಿರಿಯುತ್ತದೆ.

ಈಗ ವಿಚಿತ್ರವೆನಿಸುವ ಹೆಜ್ಜೆ. ಇಷ್ಟು ದಿನ ಒಣಗಿಸಿದ ಗೋಡೆಗೆ ಪುಟ್ಟಿ ಹಚ್ಚುವ ಮುನ್ನ ನೀರು ಚಿಮುಕಿಸಬೇಕು. ಒಣ ಗಾರೆ ಪುಟ್ಟಿಯಲ್ಲಿನ ನೀರನ್ನು ಕೂಡಲೇ ಹೀರುತ್ತದೆ. ಬಿಳಿ ಸಿಮೆಂಟ್ ಗಟ್ಟಿಯಾಗುವುದಕ್ಕೆ ಬೇಕಾದ ನೀರೇ ಅದಕ್ಕೆ ಸಿಗುವುದಿಲ್ಲ. ಆಗ ಪುಟ್ಟಿ ಗಟ್ಟಿಯಾಗದೆ ಬರೀ ಒಣಗುತ್ತದೆ, ಬೆರಳಿನಿಂದ ಉಜ್ಜಿದರೆ ಪುಡಿಯಾಗುತ್ತದೆ. ಗೋಡೆ ಒದ್ದೆಯಾಗಿ ಕಾಣಬೇಕು, ನೀರು ಮಾತ್ರ ಹರಿಯಬಾರದು. ಮೇಲೆ ಚಿಮುಕಿಸಿದ ಈ ನೀರು ಬೇಗ ಆರುತ್ತದೆ; ಕಾಡುವುದು ಗೋಡೆಯ ಆಳದಲ್ಲಿ ತಿಂಗಳುಗಟ್ಟಲೆ ಉಳಿಯುವ ನೀರು.

ಒಂದು ಕಿಲೋ ಪುಟ್ಟಿಗೆ ಸುಮಾರು 400 ಮಿಲಿಲೀಟರ್ ನೀರು ಬೇಕು. ಚೀಲದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಮೊದಲು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಹತ್ತು ನಿಮಿಷ ಬಿಟ್ಟು, ಉಳಿದ ನೀರು ಸೇರಿಸಿ ಗಂಟಿಲ್ಲದಂತೆ ಮತ್ತೆ ಕಲಸಬೇಕು. ಎರಡು ಗಂಟೆಯೊಳಗೆ ಮುಗಿಯುವಷ್ಟನ್ನೇ ಕಲಸಿ. ಊಟದ ಹೊತ್ತಿಗೆ ಗಟ್ಟಿಯಾಗತೊಡಗಿದ ಪುಟ್ಟಿಗೆ ನೀರು ಹಾಕಿ ಮತ್ತೆ ಸಡಿಲಗೊಳಿಸುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಆ ಸಿಮೆಂಟ್ ಆಗಲೇ ಹಿಡಿದುಕೊಳ್ಳಲು ಆರಂಭಿಸಿದೆ, ಮುರಿದು ಹಚ್ಚಿದರೆ ಮತ್ತೆ ಬಲ ಬರುವುದಿಲ್ಲ.

ಮೊದಲ ಕೋಟನ್ನು ಬ್ಲೇಡ್‌ನಿಂದ ಕೆಳಗಿನಿಂದ ಮೇಲಕ್ಕೆ ತೆಳ್ಳಗೆ ಎಳೆಯಬೇಕು. ಮೂರು ನಾಲ್ಕು ಗಂಟೆ ಕಳೆದು ಅದು ಒಣಗಿದ ಮೇಲೆ ಎದ್ದುನಿಂತ ಗೆರೆಗಳನ್ನು ಒದ್ದೆ ಸ್ಪಂಜಿನಿಂದ ಸವರಿ ಎರಡನೆಯ ಕೋಟ್. ಎರಡೂ ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು. ಕಿಲೋಗೆ ಹನ್ನೆರಡು ಚದರ ಅಡಿಯ ಲೆಕ್ಕ ಹಿಡಿದರೆ ನಮ್ಮ ಕೋಣೆಗೆ 33 ಕಿಲೋ ಸಾಕು, ಅಂದರೆ 40 ಕಿಲೋದ ಒಂದು ಚೀಲ. ಎರಡು ಚೀಲ ಬೇಕಾಯಿತು ಎಂದರೆ ಗೋಡೆಯ ಡೊಂಕನ್ನು ಪುಟ್ಟಿಯಿಂದ ಮುಚ್ಚಿದ್ದಾರೆ ಎಂದರ್ಥ.

ಒಂದು ರಾತ್ರಿ ಬಿಟ್ಟು, ಮಾರನೆಯ ದಿನ 400ರ ಆಸುಪಾಸಿನ ನಯವಾದ ಎಮರಿ ಕಾಗದದಿಂದ ಉಜ್ಜಬೇಕು. ಉಜ್ಜುವವರು ಮುಖಗವಸು ಹಾಕಿಕೊಳ್ಳಲಿ. ಈಗ ಗೋಡೆಯ ತುಂಬ ಹಿಟ್ಟಿನಂತಹ ಧೂಳು ಇರುತ್ತದೆ, ಬಣ್ಣ ಕಳಚುವ ಕಥೆ ಬಹಳಷ್ಟು ಮನೆಗಳಲ್ಲಿ ಶುರುವಾಗುವುದೇ ಇಲ್ಲಿಂದ. ಮೇಲಿನಿಂದ ಕೆಳಕ್ಕೆ ಒಣ ಬ್ರಷ್, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆಲವನ್ನೂ ಗುಡಿಸಿ. ಅಂಗೈಯನ್ನು ಗೋಡೆಗೆ ಸವರಿ ನೋಡಿ. ಕೈ ಬೆಳ್ಳಗಾದರೆ ಇನ್ನೊಮ್ಮೆ ಒರೆಸಬೇಕು. ಎಷ್ಟು ಒರೆಸಿದರೂ ಬೆಳ್ಳಗಾಗುತ್ತಲೇ ಇದ್ದರೆ ಪುಟ್ಟಿಯೇ ಗಟ್ಟಿಯಾಗಿಲ್ಲ. ಅದನ್ನು ಕೆರೆದು ಮತ್ತೆ ಹಚ್ಚುವುದು ಈಗಲೇ ಅಗ್ಗ.

ಪ್ರೈಮರ್ ಮತ್ತು ಎರಡು ಕೋಟ್

ಪುಟ್ಟಿ ನಯವಾಗಿ ಕಂಡರೂ ನೀರು ಹೀರುವ ಪದರ. ಅದರ ಮೇಲೆ ನೇರವಾಗಿ ಎಮಲ್ಷನ್ ಬಳಿದರೆ ಪುಟ್ಟಿ ಬಣ್ಣದ ನೀರನ್ನು ಸೆಳೆದುಕೊಂಡು, ಬಣ್ಣ ಸರಿಯಾಗಿ ಪೊರೆಗಟ್ಟುವ ಮೊದಲೇ ಒಣಗಿಸಿಬಿಡುತ್ತದೆ. ಪ್ರೈಮರ್‌ನಲ್ಲಿನ ಅಂಟು ಪುಟ್ಟಿಯ ಸೂಕ್ಷ್ಮ ರಂಧ್ರಗಳಿಗೆ ಇಳಿದು ಹೀರುವಿಕೆಯನ್ನು ಎಲ್ಲ ಕಡೆ ಒಂದೇ ಮಟ್ಟಕ್ಕೆ ತರುತ್ತದೆ.

ಹೊಸ ಸಿಮೆಂಟ್ ಗೋಡೆಗೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಪ್ರೈಮರ್ ಸೂಕ್ತ. ಎಣ್ಣೆ ಆಧಾರಿತ ಪ್ರೈಮರ್ ಹೆಚ್ಚು ಗಟ್ಟಿ ಎಂಬ ನಂಬಿಕೆ ಕೆಲವರಲ್ಲಿದೆ. ಆದರೆ ತೇವವಿರುವ ಹೊಸ ಗೋಡೆಯ ಕ್ಷಾರ ಎಣ್ಣೆಯ ಜೊತೆ ಸೇರಿದರೆ ಸಾಬೂನು ತಯಾರಾಗುವ ಕ್ರಿಯೆಯೇ ನಡೆಯುತ್ತದೆ. ಪದರ ಮೆತ್ತಗಾಗಿ, ಜಿಗುಟಾಗಿ, ಹಾಳೆಯಂತೆ ಎದ್ದು ಬರುತ್ತದೆ. ಇನ್ನು ಡಬ್ಬಿ ಹೇಳುವುದಕ್ಕಿಂತ ಹೆಚ್ಚು ನೀರು ಬೆರೆಸಿದರೆ ಪ್ರೈಮರ್ ಬಿಳಿ ನೀರಾಗುತ್ತದೆ, ಹಿಡಿದಿಡುವ ಅಂಟು ಉಳಿಯುವುದಿಲ್ಲ.

ಒಂದು ಕೋಟ್ ಪ್ರೈಮರ್ ಆರೆಂಟು ಗಂಟೆ ಒಣಗಿದ ಮೇಲೆ ಬಣ್ಣದ ಮೊದಲ ಕೋಟ್. ಬಣ್ಣ ಬಿದ್ದ ಕೂಡಲೇ ಅಡಗಿದ್ದ ತಗ್ಗು, ಗೀರುಗಳು ಕಣ್ಣಿಗೆ ಬೀಳುತ್ತವೆ. ಅಲ್ಲಲ್ಲಿ ಪುಟ್ಟಿ ಹಚ್ಚಿ ಉಜ್ಜಿದ ಮೇಲೆ ಆ ತೇಪೆಗಳಿಗೂ ಪ್ರೈಮರ್ ಬಳಿಯಲೇಬೇಕು, ಇಲ್ಲದಿದ್ದರೆ ಕೊನೆಯ ಕೋಟ್‌ನಲ್ಲಿ ಅವು ಮಂಕು ಕಲೆಗಳಾಗಿ ಉಳಿಯುತ್ತವೆ. ಎರಡು ಕೋಟ್‌ಗಳ ನಡುವೆ ನಾಲ್ಕರಿಂದ ಆರು ಗಂಟೆ, ಮಳೆಗಾಲದಲ್ಲಿ ಒಂದು ದಿನ. ಒಂದೇ ದಪ್ಪ ಕೋಟ್ ಎರಡು ತೆಳು ಕೋಟ್‌ಗಳಿಗೆ ಸಮವಲ್ಲ. ದಪ್ಪ ಪದರದ ಮೇಲ್ಭಾಗ ಬೇಗ ಒಣಗಿ, ಒಳಗಿನದು ಹಸಿಯಾಗಿಯೇ ಉಳಿದು ಬಿರುಕು ಬಿಡಬಹುದು.

ಕಳಚಿದ ಚೂರಿನ ಹಿಂಬದಿ ನೋಡಿ

ಬಣ್ಣ ಆಗಲೇ ಕಳಚುತ್ತಿದ್ದರೆ ಮೇಲೆ ಬಳಿಯುವ ಮೊದಲು ಒಂದು ಚೂರನ್ನು ಕಿತ್ತು ತಿರುಗಿಸಿ. ಹಿಂಬದಿಗೆ ಬಿಳಿ ಪುಡಿ ಮೆತ್ತಿದ್ದರೆ, ಒಂದೋ ಉಜ್ಜಿದ ಧೂಳು ಹಾಗೇ ಉಳಿದಿತ್ತು, ಇಲ್ಲವೇ ಪುಟ್ಟಿ ಗಟ್ಟಿಯಾಗಿರಲಿಲ್ಲ. ಗೋಡೆಯಲ್ಲಿ ಉಳಿದ ಪುಟ್ಟಿಯನ್ನು ಉಗುರಿನಿಂದ ಗೀರಿದರೆ ಯಾವುದೆಂದು ಗೊತ್ತಾಗುತ್ತದೆ: ಉದುರಿದರೆ ತಪ್ಪು ಪುಟ್ಟಿಯದು, ಗಟ್ಟಿಯಿದ್ದರೆ ಧೂಳಿನದು. ಪುಟ್ಟಿಯೂ ಮರಳೂ ಒಟ್ಟಿಗೆ ಎದ್ದುಬಂದರೆ ಗಾರೆಯೇ ದುರ್ಬಲ, ಕ್ಯೂರಿಂಗ್ ಕಡಿಮೆಯಾಗಿದೆ. ಹಿಂಬದಿ ಒದ್ದೆಯಾಗಿದ್ದು ಗೋಡೆಯ ಮೇಲೆ ಲವಣ ಕಂಡರೆ ನೀರು ಎಲ್ಲಿಂದಲೋ ಬರುತ್ತಿದೆ.

ನಮ್ಮ ಕೋಣೆಯ ಸ್ನಾನಗೃಹದ ಗೋಡೆಯಲ್ಲಿ ನೆಲದಿಂದ ಎರಡು ಅಡಿಯವರೆಗೆ ಮಾತ್ರ ಬಣ್ಣ ಉಬ್ಬಿದೆ, ಉಳಿದ ಮೂರು ಗೋಡೆ ಚೆನ್ನಾಗಿವೆ ಎಂದುಕೊಳ್ಳಿ. ಒಂದೇ ಪೇಂಟರ್, ಒಂದೇ ಚೀಲ, ಒಂದೇ ಡಬ್ಬಿ; ಹಾಗಿರುವಾಗ ತಪ್ಪು ಬಣ್ಣದ್ದಲ್ಲ. ಸ್ನಾನಗೃಹದ ಟೈಲ್ಸ್ ಸಂದು, ನೆಲ ಮತ್ತು ಗೋಡೆ ಸೇರುವ ಮೂಲೆ, ಗೋಡೆಯೊಳಗಿನ ಪೈಪ್ ಇವುಗಳನ್ನು ಪರೀಕ್ಷಿಸಬೇಕು. ಒಂದು ವಾರ ಆ ಸ್ನಾನಗೃಹದ ನೆಲಕ್ಕೆ ನೀರು ಬೀಳದಂತೆ ನೋಡಿಕೊಂಡಾಗ ತೇವ ತಗ್ಗಿದರೆ ದೋಷ ನೆಲದ ಸಂದಿನಲ್ಲಿದೆ; ತಗ್ಗದೆ ಹಾಗೇ ಉಳಿದರೆ ಸದಾ ನೀರು ತುಂಬಿರುವ ಪೈಪ್‌ನ ಮೇಲೆ ಅನುಮಾನ ಹೆಚ್ಚು. ಸೋರಿಕೆ ನಿಲ್ಲಿಸಿದ ಮೇಲೆ ಉಬ್ಬಿದ ಗಡಿಗಿಂತ ಅರ್ಧ ಅಡಿ ಮೇಲಿನವರೆಗೂ ಗಾರೆ ಕಾಣುವಂತೆ ಕೆರೆದು, ಲವಣವನ್ನು ಒಣ ಬ್ರಷ್‌ನಿಂದ ತೆಗೆದು, ಗೋಡೆಯನ್ನು ತೆರೆದೇ ಬಿಡಿ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲಿ ಹನಿ ಕಾಣದ ದಿನ ಪುಟ್ಟಿಯ ಚೀಲ ಬಿಚ್ಚಬಹುದು.