ಸಮನ್ವಯ ಸಭೆಯ ನಡಾವಳಿ: ಒಂದು ಸಾಲನ್ನು ಮೂರಾಗಿ ಒಡೆದ ಅನುಭವ

ವೈಟ್‌ಫೀಲ್ಡ್ ಕಡೆಯ ಒಂದು ಕಚೇರಿ ಕಟ್ಟಡದ ವಿನ್ಯಾಸ ಸಮನ್ವಯ ನನ್ನ ಹೊಣೆಯಾಗಿದ್ದಾಗ, ನಾಲ್ಕನೆಯ ಸಭೆಯ ನಡಾವಳಿಯಲ್ಲಿ ನಾನೇ ಹೀಗೆ ಬರೆದಿದ್ದೆ: "ಮೊದಲ ಮಹಡಿಯ ಕಾರಿಡಾರ್‌ನಲ್ಲಿ ಬೀಮ್ ಮತ್ತು ಡಕ್ಟ್ ನಡುವಿನ ಅಡಚಣೆಯನ್ನು ಸಂಬಂಧಪಟ್ಟ ತಂಡಗಳು ಆದಷ್ಟು ಬೇಗ ಪರಿಶೀಲಿಸತಕ್ಕದ್ದು." ಮುಂದಿನ ಎರಡು ಸಭೆಗಳಲ್ಲೂ ಆ ಸಾಲು ಒಂದಕ್ಷರವೂ ಬದಲಾಗದೆ ಉಳಿಯಿತು. ಸ್ಟ್ರಕ್ಚರಲ್‌ನವರು ಡಕ್ಟ್‌ನ ಅಳತೆಗೆ ಕಾಯುತ್ತಿದ್ದರು, ಮೆಕ್ಯಾನಿಕಲ್‌ನವರು ಬೀಮ್‌ನ ಆಳ ಕಡಿಮೆಯಾದೀತೆಂದು ಕಾಯುತ್ತಿದ್ದರು, ಎಲೆಕ್ಟ್ರಿಕಲ್‌ನವರಂತೂ ಇದು ತಮಗೆ ಸೇರಿದ್ದಲ್ಲ ಎಂದುಕೊಂಡಿದ್ದರು.

ಏಳನೆಯ ಸಭೆಯಲ್ಲಿ ಲೆಕ್ಕವನ್ನು ಬೋರ್ಡ್ ಮೇಲೆ ಬರೆದೆವು. ಮಹಡಿಯಿಂದ ಮಹಡಿಗೆ 3600 ಮಿ.ಮೀ.; ಅದರಲ್ಲಿ ಬೀಮ್ 600, ನೆಲಹಾಸು 50, ಫಾಲ್ಸ್ ಸೀಲಿಂಗ್‌ನ ಮೇಲ್ಮೈ ನೆಲದಿಂದ 2600. ಉಳಿದದ್ದು 350. ಡಕ್ಟ್‌ನ ಎತ್ತರ 300, ಮೇಲೂ ಕೆಳಗೂ 25ರ ಇನ್ಸುಲೇಷನ್ ಸೇರಿದರೆ ಅಲ್ಲಿಗೇ 350 ಮುಗಿಯಿತು. ಡಕ್ಟ್ ತೂಗುಹಾಕುವ ಆ್ಯಂಗಲ್‌ಗೂ ಜಾಗವಿಲ್ಲ, ಅದೇ ದಾರಿಯಲ್ಲಿ ಅಡ್ಡ ಹಾಯುವ ಕೇಬಲ್ ಟ್ರೇಗೂ ಇಲ್ಲ.

ಹಳೆಯ ಸಾಲನ್ನು ಅಲ್ಲೇ ಮೂರಾಗಿ ಒಡೆದೆ. 600×300ರ ಡಕ್ಟನ್ನು 750×250ಕ್ಕೆ ಬದಲಿಸಿ ಲೆವೆಲ್ ಸಮೇತ ನಕ್ಷೆ ಕೊಡುವುದು ಮೆಕ್ಯಾನಿಕಲ್ ಎಂಜಿನಿಯರ್ ಹೆಸರಿಗೆ, 10ನೇ ತಾರೀಖು. ಟ್ರೇಯನ್ನು ಎರಡು ಬೀಮ್‌ಗಳ ನಡುವೆ, ಡಕ್ಟ್‌ನ ಮೇಲಿಂದ ಹಾಯಿಸಿ ತೋರಿಸುವುದು ಎಲೆಕ್ಟ್ರಿಕಲ್ ಎಂಜಿನಿಯರ್ ಹೆಸರಿಗೆ, 11. ಏಸಿಯ ನೀರಿನ ಡ್ರೈನ್ ಪೈಪ್‌ಗೆ ಬೀಮ್‌ಗಳಲ್ಲಿ ಬಿಡಬೇಕಾದ ಐದು ಸ್ಲೀವ್‌ಗಳ ಜಾಗವನ್ನು ಒಪ್ಪಿ ನಕ್ಷೆ ಹೊರಡಿಸುವುದು ಸ್ಟ್ರಕ್ಚರಲ್ ಎಂಜಿನಿಯರ್ ಹೆಸರಿಗೆ, 14. ಕಾಂಕ್ರೀಟ್ ಹಾಕುವುದು 24ಕ್ಕೆ ಎಂದು ಗೊತ್ತಿದ್ದರಿಂದ ಈ ದಿನಗಳನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸಿ ಇಟ್ಟದ್ದು. ತಂಡದ ಹೆಸರಿಗೆ ಕೆಲಸ ಬರೆದರೆ ಅದು ಯಾರಿಗೂ ಬರೆದಂತಲ್ಲ. ಹಾಗಾಗಿ ಪ್ರತಿ ಸಾಲಿಗೂ ಒಬ್ಬರದೇ ಹೆಸರು, ಮುಗಿದಿದೆ ಎನ್ನಲು ಸಾಕ್ಷಿಯಾಗುವ ನಕ್ಷೆಯ ಸಂಖ್ಯೆ, ಮತ್ತು ಯಾವ ಸಾಲಿನ ಉತ್ತರಕ್ಕೆ ಕಾಯುತ್ತಿದೆ ಎಂಬುದನ್ನು ಸೇರಿಸಿದೆ. ಎಲ್ಲರೂ ಏಳುವ ಮೊದಲೇ ಗಟ್ಟಿಯಾಗಿ ಓದಿ ಒಪ್ಪಿಗೆ ಪಡೆದೆ.

ಡಕ್ಟ್ ನಕ್ಷೆ 12ಕ್ಕೆ ಬಂತು. ತಡವಾದಾಗ ಹಳೆಯ ದಿನಾಂಕವನ್ನು ಅಳಿಸದೆ, ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಬರೆಯುತ್ತೇನೆ. ಇದು ಕೆಲವರಿಗೆ ಮುಜುಗರ ತರುತ್ತದೆ, ತರಲಿ.

23ರಂದು ಸ್ಥಳ ಪರಿಶೀಲಿಸಿದಾಗ ಮೂರನೆಯ ಸ್ಲೀವ್ ಕಂಬಿಗೆ ಅಡ್ಡ ಬಂದಿದೆಯೆಂದು 40 ಮಿ.ಮೀ. ಮೇಲಕ್ಕೆ ಕಟ್ಟಿದ್ದರು. ಬೀಮ್‌ಗಳ ಅಂತರ 3 ಮೀಟರ್, ಇಳಿಜಾರು 1:100. ಅಂದರೆ ಬೀಮ್‌ನಿಂದ ಬೀಮ್‌ಗೆ ಪೈಪ್ ಇಳಿಯಬೇಕಾದದ್ದು 30 ಮಾತ್ರ, ನೀರು ಹಿಮ್ಮುಖವಾಗುತ್ತಿತ್ತು. ಯಾರನ್ನು ಕೇಳಬೇಕೆಂಬುದು ನಡಾವಳಿಯಲ್ಲೇ ಇದ್ದುದರಿಂದ ಸ್ಟ್ರಕ್ಚರಲ್ ಎಂಜಿನಿಯರಿಗೆ ಫೋನ್ ಮಾಡಿದೆ. ಕಂಬಿಯನ್ನು ಎಷ್ಟು ಸರಿಸಬಹುದೆಂದು ಅವರು ಅಂದೇ ಸಂಜೆ ಬರೆದುಕೊಟ್ಟರು.