2.0945ಓ, 2.0946ಓ? ಸ್ಪರ್ಶಕ ಹಿಡಿದು ಮೂಲ ಹುಡುಕುವ ಬಗೆ

ರಾತ್ರಿ ಊಟ ಮುಗಿಸಿ ಕೂತಿದ್ದೆ. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳಿಂದ ವಾಟ್ಸ್ಆಪ್‌ನಲ್ಲಿ ಒಂದು ಫೋಟೊ ಬಂತು. ನೋಟ್‌ಬುಕ್ಕಿನ ಮಡಿಕೆ ಬಿದ್ದ ಹಾಳೆ, ಅದರ ಮೇಲೆ ಟ್ಯೂಬ್‌ಲೈಟಿನ ಹೊಳಪು. ಕೆಳಗೆ ಒಂದು ಸಾಲು: 'ಮಾವ, ಈ ಸಮೀಕರಣಕ್ಕೆ 2 ಮತ್ತು 3ರ ನಡುವಿನ ಮೂಲವನ್ನು ನಾಲ್ಕು ದಶಮಾಂಶ ಸ್ಥಾನಕ್ಕೆ ಸರಿಯಾಗಿ ಕಂಡುಹಿಡಿಯಬೇಕಂತೆ. ನನ್ನದು 2.0946, ಗೆಳತಿಯದು 2.0945. ಯಾರದು ಸರಿ?'

ನಾನು ಮೊದಲು ಓದಿದ್ದೇ ತಪ್ಪು. ಮಡಿಕೆಯ ನೆರಳು ಅಡ್ಡ ಬಂದು ಒಂದು ಚಿಹ್ನೆ ಕೂಡುವಂತೆ ಕಂಡಿತ್ತು. ಹಾಗಾಗಿ x³ + 2x − 5 = 0 ಎಂದು ಬರೆದುಕೊಂಡೆ.

ಲೆಕ್ಕಕ್ಕೆ ಕೈಹಾಕುವ ಮೊದಲೇ ಇಂಥ ತಪ್ಪನ್ನು ಹಿಡಿಯಬಹುದು. ಮೂಲ 2 ಮತ್ತು 3ರ ನಡುವೆ ಇದೆ ಎಂದು ಪ್ರಶ್ನೆಯೇ ಹೇಳುತ್ತಿದೆ. ಎರಡನ್ನೂ ಹಾಕಿ ನೋಡಿ. ಕೂಡುವ ಚಿಹ್ನೆ ಇಟ್ಟರೆ 2ಕ್ಕೆ 7, 3ಕ್ಕೆ 28 ಬರುತ್ತದೆ. ಎರಡೂ ಧನ ಸಂಖ್ಯೆಗಳು, ಬೆಲೆ ಏರುತ್ತಲೇ ಇದೆ, ಅಂದರೆ ನಡುವೆ ಸೊನ್ನೆ ದಾಟುವ ಜಾಗವೇ ಇಲ್ಲ. ಕಳೆಯುವ ಚಿಹ್ನೆ ಇಟ್ಟು x³ − 2x − 5 ಎಂದು ಓದಿದರೆ 2ಕ್ಕೆ −1, 3ಕ್ಕೆ 16. ಚಿಹ್ನೆ ಬದಲಾಯಿತು, ಓದು ಸರಿಹೋಯಿತು. ಘಾತ 3 ಅಲ್ಲ 2 ಎಂದು ಓದಿದ್ದರೂ ಈ ಪರೀಕ್ಷೆ ಹಿಡಿದುಬಿಡುತ್ತಿತ್ತು. ಆದರೆ ಕೊನೆಯ 5 ನಿಜಕ್ಕೂ 6 ಆಗಿದ್ದರೆ? ಆಗಲೂ ಚಿಹ್ನೆ ಬದಲಾಗುತ್ತದೆ, ಮೂಲ ಮಾತ್ರ ಸುಮಾರು 2.18ಕ್ಕೆ ಹೋಗಿರುತ್ತದೆ. ಆ ಅನುಮಾನಕ್ಕೆ ಲೆಕ್ಕದಲ್ಲಿ ಮದ್ದಿಲ್ಲ. ಅದೇ ಕೈಬರಹದ ಇನ್ನೊಂದು 5 ಅಥವಾ 6 ಫೋಟೊದಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿ, ಪಕ್ಕಪಕ್ಕ ಇಟ್ಟು ನೋಡಬೇಕು.

ಅಂದಹಾಗೆ, ಈ ಸಮೀಕರಣ ತೀರಾ ಹಳೆಯದು. ಮೂಲ ಹುಡುಕುವ ತನ್ನ ವಿಧಾನವನ್ನು ನ್ಯೂಟನ್ ತೋರಿಸಲು ಆರಿಸಿಕೊಂಡದ್ದು ಇದನ್ನೇ. ಜಾನ್ ವಾಲಿಸ್ 1685ರ ತನ್ನ ಬೀಜಗಣಿತದ ಪುಸ್ತಕದಲ್ಲಿ ಅದನ್ನು ಅಚ್ಚು ಹಾಕಿಸಿದ. 1690ರಲ್ಲಿ ಜೋಸೆಫ್ ರಾಫ್ಸನ್ ಅದನ್ನು ಇನ್ನಷ್ಟು ಸರಳ ಮಾಡಿದ. ಹಾಗಾಗಿಯೇ ಪಠ್ಯದಲ್ಲಿ ನ್ಯೂಟನ್-ರಾಫ್ಸನ್ ವಿಧಾನ ಎಂದು ಎರಡೂ ಹೆಸರು ಜೋಡಿಯಾಗಿ ಬರುತ್ತವೆ.

ಹೆಜ್ಜೆ ಇಡುವುದು

x³ − 2x − 5 ಎಂಬುದರ ವಕ್ರರೇಖೆ x-ಅಕ್ಷವನ್ನು ಎಲ್ಲಿ ದಾಟುತ್ತದೋ ಅದೇ ಮೂಲ. ವಕ್ರರೇಖೆಯ ಬೆನ್ನು ಹತ್ತುವುದು ಕಷ್ಟ, ಸರಳರೇಖೆ ಸುಲಭ. ಆದ್ದರಿಂದ ಹತ್ತಿರದ ಒಂದು ಬಿಂದುವಿನಲ್ಲಿ ಸ್ಪರ್ಶಕ ಎಳೆದು, ಆ ಸ್ಪರ್ಶಕ ಅಕ್ಷವನ್ನು ಮುಟ್ಟುವ ಜಾಗಕ್ಕೆ ಹೋಗುತ್ತೇವೆ. ಅಲ್ಲಿಂದ ಮತ್ತೆ ವಕ್ರರೇಖೆಗೆ ಏರಿ ಇನ್ನೊಂದು ಸ್ಪರ್ಶಕ. ಎಷ್ಟು ಸರಿಯಬೇಕು? ಆ ಬಿಂದುವಿನ ಬೆಲೆಯನ್ನು ಅಲ್ಲಿನ ಇಳಿಜಾರಿನಿಂದ ಭಾಗಿಸಿದರೆ ಬರುವಷ್ಟು. ಇಳಿಜಾರು ಇಲ್ಲಿ 3x² − 2.

2ರಿಂದ ಹೊರಡೋಣ. ಬೆಲೆ −1, ಇಳಿಜಾರು 10. ಭಾಗಿಸಿದರೆ −0.1. ಅದನ್ನು 2ರಿಂದ ಕಳೆದರೆ 2.1. ಈಗ 2.1ರಲ್ಲಿ ಬೆಲೆ 0.061, ಇಳಿಜಾರು 11.23. ಭಾಗಿಸಿದರೆ 0.0054319, ಕಳೆದರೆ 2.0945681. ಮೂರನೇ ಹೆಜ್ಜೆಗೆ 2.0945515.

ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಇಷ್ಟೂ ಬರೆದುಕೊಳ್ಳಬೇಕಿಲ್ಲ. ಮೊದಲು 2 ಒತ್ತಿ `=` ಒತ್ತಿ. ಆಮೇಲೆ ಇದನ್ನು ಒಂದೇ ಸಲ ಬರೆದು `=` ಒತ್ತುತ್ತಾ ಹೋಗಿ:

```
Ans-(Ans^3-2*Ans-5)/(3*Ans^2-2)
```

ನಡುನಡುವೆ ಅಂಕಿ ಕತ್ತರಿಸಬೇಡಿ, ಯಂತ್ರ ಇಟ್ಟುಕೊಂಡಷ್ಟನ್ನೂ ಹಾಗೇ ಬಿಡಿ.

ಹೊರಡುವ ಜಾಗ ಮಾತ್ರ ಕಣ್ಣಿಟ್ಟು ಆರಿಸಿ. 1ರಿಂದ ಶುರು ಮಾಡಿದರೆ ಅಲ್ಲಿ ಬೆಲೆ −6, ಇಳಿಜಾರು ಬರೀ 1. ಸ್ಪರ್ಶಕ ಸಾಕಷ್ಟು ಕಡಿದಾಗಿಲ್ಲದೆ ಒಂದೇ ಏಟಿಗೆ 7ಕ್ಕೆ ಎಸೆಯುತ್ತದೆ. ಅಲ್ಲಿಂದ 4.77, 3.35, 2.53 ಎಂದು ಕುಂಟುತ್ತಾ ವಾಪಸ್ ಬರಬೇಕು. 0ಯಿಂದ ಹೊರಟರೆ ಇನ್ನೂ ಫಜೀತಿ: −2.5, −1.57, −0.50, ಆಮೇಲೆ −3.82. ಹೆಜ್ಜೆಗಳು ಚಿಕ್ಕದಾಗುವ ಬದಲು ಹೀಗೆ ಅತ್ತಿತ್ತ ಹಾರುತ್ತಿದ್ದರೆ ಮುಂದುವರಿಸಬೇಡಿ, ಹೊರಟ ಜಾಗವನ್ನೇ ಬದಲಿಸಿ.

ಎಲ್ಲಿ ನಿಲ್ಲಿಸುವುದು?

ಹುಡುಗಿಯರ ಜಗಳ ಇರುವುದು ಇಲ್ಲಿ. ಸಾಮಾನ್ಯವಾಗಿ ಕ್ಲಾಸಿನಲ್ಲಿ ಹೇಳಿಕೊಡುವುದು, ಒಂದರ ಹಿಂದೊಂದು ಬಂದ ಎರಡು ಉತ್ತರಗಳು ಬೇಕಾದಷ್ಟು ಸ್ಥಾನಕ್ಕೆ ಒಂದೇ ಆದರೆ ನಿಲ್ಲಿಸಿ ಎಂದು. ಗೆಳತಿ ಮಾಡಿದ್ದೂ ಅದನ್ನೇ. 2.0945681 ಮತ್ತು 2.0945515, ಎರಡರಲ್ಲೂ ಮೊದಲ ನಾಲ್ಕು ಸ್ಥಾನ 0945. ಉಳಿದದ್ದನ್ನು ಕತ್ತರಿಸಿ 2.0945 ಎಂದು ಬರೆದಳು. ನಿಯಮ ಪಾಲಿಸಿದ್ದಾಳೆ, ಆದರೂ ಉತ್ತರ ತಪ್ಪು. ಸರಿಯಾದ ನಾಲ್ಕು ಸ್ಥಾನ ಎಂದರೆ ಬಾಲ ಕತ್ತರಿಸುವುದಲ್ಲ, ಹತ್ತಿರದ ಸಂಖ್ಯೆಗೆ ಸರಿಹೊಂದಿಸುವುದು. ಬಾಲ 515 ಆದದ್ದರಿಂದ 5 ಏರಿ 6 ಆಗಬೇಕು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ಮೂಲ ಕಿತಾಪತಿಯದು. ಕೆಳಗಿಳಿಯಬೇಕೋ ಮೇಲೇರಬೇಕೋ ಎಂಬುದರ ಗಡಿ 2.09455. ಮೂಲ ಅದರ ಬಗಲಲ್ಲೇ, ಸುಮಾರು 0.0000015ರಷ್ಟು ದೂರದಲ್ಲಿ ಕೂತಿದೆ. ನಮ್ಮ ಉತ್ತರದಲ್ಲಿ ಅದಕ್ಕಿಂತ ದೊಡ್ಡ ದೋಷವಿದ್ದರೆ ಯಾವ ಕಡೆ ಎಂದು ಹೇಳಲಾಗದು.

ದೋಷ ಎಷ್ಟಿದೆ ಎಂಬ ಅಂದಾಜು ಹೆಜ್ಜೆಯ ಉದ್ದದಲ್ಲೇ ಸಿಗುತ್ತದೆ. ಮೂಲದ ಹತ್ತಿರ ಬಂದ ಮೇಲೆ, ಈಗ ಇಡುವ ಹೆಜ್ಜೆ ಹಿಂದಿನ ಉತ್ತರದಲ್ಲಿದ್ದ ದೋಷಕ್ಕೆ ಹೆಚ್ಚುಕಡಿಮೆ ಸಮ. ಹೊಸ ದೋಷ ಹಳೆಯದರ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ. ಈ ಸಮೀಕರಣಕ್ಕಾದರೆ ಆ ವರ್ಗದ ಸುಮಾರು 0.56 ಪಾಲು. ಮೂರನೇ ಹೆಜ್ಜೆಯ ಉದ್ದ 0.0000166. ಅಂದರೆ 2.0945681ರಲ್ಲಿ ಅಷ್ಟು ದೋಷವಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಗಡಿಯ ಯಾವ ಕಡೆ ಎಂದು ಧೈರ್ಯವಾಗಿ ಹೇಳುವಂತಿರಲಿಲ್ಲ. ಮೂರನೆಯ ಉತ್ತರದಲ್ಲಿ ಉಳಿದದ್ದು ಒಂಬತ್ತು ಸೊನ್ನೆ ದಾಟಿದ ಮೇಲಿನ ಅಂಕಿ. ಅಷ್ಟು ಸಾಕು.

ಆದರೂ ಅಂದಾಜು ಅಂದಾಜೇ. ಖಾತ್ರಿ ಬೇಕಿದ್ದರೆ ಶುರುವಿನಲ್ಲಿ ಫೋಟೊ ಓದಲು ಬಳಸಿದ ಚಿಹ್ನೆಯ ಪರೀಕ್ಷೆಯನ್ನೇ ಮತ್ತೆ ಹಿಡಿಯಿರಿ. ಉತ್ತರ 2.0946 ಆಗಿದ್ದರೆ ಮೂಲ 2.09455 ಮತ್ತು 2.09465ರ ನಡುವೆ ಇರಲೇಬೇಕು. ಮೊದಲನೆಯದನ್ನು ಸಮೀಕರಣಕ್ಕೆ ಹಾಕಿದರೆ −0.0000165, ಎರಡನೆಯದನ್ನು ಹಾಕಿದರೆ +0.0011. ಚಿಹ್ನೆ ಬದಲಾಯಿತು, ಸೊನ್ನೆ ನಡುವೆಯೇ ಇದೆ. 2.0945 ಸರಿಯಾಗಬೇಕಿದ್ದರೆ 2.09445 ಮತ್ತು 2.09455ರ ನಡುವೆ ಬದಲಾಗಬೇಕಿತ್ತು. ಅಲ್ಲಿ ಎರಡೂ ಋಣವೇ.

ಬೆಲೆ ಸೊನ್ನೆಗೆ ಹತ್ತಿರ ಬಂತು ಎಂದಷ್ಟಕ್ಕೇ ನಿಲ್ಲಿಸುವವರೂ ಇದ್ದಾರೆ. ನನಗದು ಅಷ್ಟು ಒಪ್ಪಿಗೆಯಿಲ್ಲ. ಇಲ್ಲಿ ಇಳಿಜಾರು 11ರ ಸುಮಾರು ಇರುವುದರಿಂದ ಬೆಲೆಗಿಂತ ದೋಷ ಹನ್ನೊಂದು ಪಟ್ಟು ಚಿಕ್ಕದು, ನಡೆದುಹೋಗುತ್ತದೆ. ಇಳಿಜಾರು 0.001 ಆಗಿದ್ದರೆ ದೋಷ ಬೆಲೆಯ ಸಾವಿರ ಪಟ್ಟು.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಹೊಳಪು ಬೀಳದ ಹಾಗೆ ಫೋಟೊ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: 'ಮಾವ, ನಾನು ಎರಡನೇ ಹೆಜ್ಜೆಗೇ ನಿಲ್ಲಿಸಿ 2.0946 ಅಂತ ಬರೆದಿದ್ದೆ. ನಂದೂ ಅದೃಷ್ಟನೇ ಅನ್ನಿ.'